ವಾರ ಭಾನುವಾರ ಶುರುವೋ, ಸೋಮವಾರವೋ: ವೀಣೆ ಕ್ಲಾಸಿನ ಕ್ಯಾಲೆಂಡರ್ ಸರಿಮಾಡಿದ ಕಥೆ

ಮೈಸೂರಿನಲ್ಲಿ ನನಗೆ ವೀಣೆ ಕಲಿಸಿದ ಟೀಚರ್‌ಗೆ ಕ್ಲಾಸಿನ ವೇಳಾಪಟ್ಟಿ ತೋರಿಸುವ ಒಂದು ಪುಟ್ಟ ಆ್ಯಪ್ ಮಾಡಿಕೊಟ್ಟಿದ್ದೆ. ಮಕ್ಕಳ ಅಪ್ಪ ಅಮ್ಮಂದಿರು ಅದೇ ಪಟ್ಟಿಯನ್ನು ತಮ್ಮ ಫೋನಿನ ಕ್ಯಾಲೆಂಡರ್‌ಗೂ ಸೇರಿಸಿಕೊಳ್ಳಬಹುದಿತ್ತು. ಪ್ರತಿ ವಾರದ ಕ್ಲಾಸುಗಳು ತಿಂಗಳುಗಟ್ಟಲೆ ಸರಿಯಾಗಿಯೇ ನಡೆದವು. 2024ರ ಜುಲೈನಲ್ಲಿ ಟೀಚರ್ ಹೊಸ ಬ್ಯಾಚ್ ಶುರು ಮಾಡಿದರು. ವಾರ ಬಿಟ್ಟು ವಾರ, ಮಂಗಳವಾರ ಮತ್ತು ಭಾನುವಾರ. ಮೊದಲ ಕ್ಲಾಸ್ ಜುಲೈ 2, ಮಂಗಳವಾರ.

ಜುಲೈ 7ರ ಭಾನುವಾರ ಟೀಚರ್ ವೀಣೆ ಶ್ರುತಿ ಮಾಡಿಕೊಂಡು ಕಾದರು. ಯಾರೂ ಬರಲಿಲ್ಲ. ಮಳೆ ಇತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡರು. ಜುಲೈ 14ರ ಭಾನುವಾರ ಅವರು ನಂಜನಗೂಡಿಗೆ ಹೋಗಿದ್ದಾಗ ನಾಲ್ಕು ಮಕ್ಕಳು ಗೇಟಿನ ಹತ್ತಿರ ಬಂದು ನಿಂತಿದ್ದರು. ಒಬ್ಬ ಹುಡುಗಿಯ ತಂದೆ ನನಗೇ ಫೋನ್ ಮಾಡಿದರು. "ಮೇಡಂ, ನಮ್ಮ ಫೋನಿನಲ್ಲಿ ಇವತ್ತು ಕ್ಲಾಸ್ ಅಂತಲೇ ತೋರಿಸ್ತಿದೆಯಲ್ಲ?"

ನೋಡಿದರೆ, ನಾನು ಬರೆದಿದ್ದ ನಿಯಮ ಹೀಗಿತ್ತು:

```
DTSTART;VALUE=DATE:20240702
RRULE:FREQ=WEEKLY;INTERVAL=2;BYDAY=TU,SU;WKST=SU
```

ಕೊನೆಯ `WKST` ಅಂದರೆ ವಾರ ಯಾವ ದಿನ ಶುರುವಾಗುತ್ತದೆ ಅನ್ನೋದು. ನಮ್ಮ ಗೋಡೆ ಕ್ಯಾಲೆಂಡರಿನಲ್ಲಿ ಭಾನುವಾರ ಮೊದಲು, ನವಗ್ರಹ ಸ್ತೋತ್ರದಲ್ಲೂ ಆದಿತ್ಯನೇ ಮೊದಲು. ಹಾಗಾಗಿ ಆ್ಯಪಿನಲ್ಲಿ ವಾರದ ಮೊದಲ ದಿನ ಭಾನುವಾರ ಅಂತ ಒಂದೇ ಕಡೆ ಬರೆದಿಟ್ಟಿದ್ದೆ. ಪರದೆಯ ಮೇಲೆ ವಾರದ ನೋಟ ಬಿಡಿಸುವುದಕ್ಕೂ ಅದೇ, ಈ ನಿಯಮಕ್ಕೂ ಅದೇ. ಎರಡಕ್ಕೂ ಒಂದೇ ಸೆಟ್ಟಿಂಗ್ ಕೊಟ್ಟಿದ್ದೇ ತಪ್ಪಾಗಿತ್ತು.

ಯಾಕೆ ಅಂತ ಗೋಡೆ ಕ್ಯಾಲೆಂಡರ್ ಇಟ್ಟುಕೊಂಡೇ ನೋಡಬಹುದು. ಎಡಗಡೆ ವಾರಗಳ ಹೆಸರು ಮೇಲಿಂದ ಕೆಳಗೆ, ಎಲ್ಲಕ್ಕಿಂತ ಮೇಲೆ ಕೆಂಪಕ್ಷರದಲ್ಲಿ ಭಾನುವಾರ. ಒಂದೊಂದು ಕಂಬಸಾಲೂ ಒಂದೊಂದು ವಾರ. 2024ರ ಜುಲೈನ ಮೊದಲ ಸಾಲಿನಲ್ಲಿ ಭಾನುವಾರದ ಮನೆ ಖಾಲಿ, ಸೋಮವಾರ 1, ಮಂಗಳವಾರ 2, ಹೀಗೆ ಶನಿವಾರ 6ಕ್ಕೆ ಮುಗಿಯುತ್ತದೆ. 7ನೇ ತಾರೀಖು ಎರಡನೇ ಸಾಲಿನ ತಲೆಯಲ್ಲಿ ಕೂತಿದೆ. ಈಗ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆದುಕೊಳ್ಳಿ. ಮೊದಲ ಸಾಲಿನಲ್ಲಿ 2 ಮಾತ್ರ ಸಿಗುತ್ತದೆ. ಎರಡನೇ ಸಾಲು ಬಿಟ್ಟಾಗ 7 ಅದರ ಜೊತೆಗೇ ಹೋಯಿತು. ಮೂರನೇ ಸಾಲಿನಲ್ಲಿ 14 ಮತ್ತು 16, ಐದನೆಯದರಲ್ಲಿ 28 ಮತ್ತು 30. ಕಂಪ್ಯೂಟರ್ ಮಾಡಿದ್ದು ಇಷ್ಟೇ.

ಸೋಮವಾರದಿಂದ ವಾರ ಶುರು ಅಂತ ಎಣಿಸಿದರೆ 1ರಿಂದ 7ರವರೆಗೆ ಒಂದೇ ವಾರ. ಆಗ ಕ್ಲಾಸ್ 2, 7, 16, 21, 30ಕ್ಕೆ ಬರುತ್ತದೆ. ಗಮನಿಸಿ, ಮಂಗಳವಾರಗಳು ಎರಡು ಲೆಕ್ಕದಲ್ಲೂ ಒಂದೇ. ಭಾನುವಾರಗಳು ಮಾತ್ರ ಅದಲುಬದಲಾದವು. ಅದಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳಲಿಲ್ಲ.

ಟೀಚರ್ ಮನೆಗೆ ಹೋಗಿ ಕೇಳಿದೆ. "ನೋಡಮ್ಮಾ, ಮಂಗಳವಾರ ಪಾಠ ಹೇಳಿಕೊಟ್ಟರೆ, ಮನೇಲಿ ನಾಲ್ಕು ದಿನ ಸಾಧನೆ ಮಾಡಿಕೊಂಡು ಬರೋ ಭಾನುವಾರ ಒಪ್ಪಿಸಬೇಕು. ಆಮೇಲೆ ಒಂದು ವಾರ ಬಿಡುವು" ಅಂದರು. ಅವರ ಹಿಂದೆ ಗೋಡೆಯ ಮೇಲೆ ಭಾನುವಾರ ಮೊದಲಿರುವ ಕ್ಯಾಲೆಂಡರೇ ನೇತಾಡುತ್ತಿತ್ತು. ಕಣ್ಣಿಗೆ ಭಾನುವಾರ ಮೊದಲಿದ್ದರೂ ಅವರ ಪಾಠದ ವಾರ ಮುಗಿಯೋದು ಭಾನುವಾರವೇ. ನನಗೆ ಬೇಕಾಗಿದ್ದ ಉತ್ತರ ಅದರಲ್ಲೇ ಇತ್ತು. ವಾರವನ್ನು ಬಿಡಿಸುವ ದಿನ ಬೇರೆ, ಎಣಿಸುವ ದಿನ ಬೇರೆ.

ಆ್ಯಪಿನಲ್ಲಿ ಸೆಟ್ಟಿಂಗನ್ನು ಎರಡಾಗಿ ಒಡೆದೆ. ನಿಯಮದಲ್ಲಿ `WKST=MO` ಹಾಕಿದೆ. `WKST` ಬರೆಯದೇ ಬಿಟ್ಟಿದ್ದರೂ ಸರಿಯಾಗುತ್ತಿತ್ತು, ಯಾಕೆಂದರೆ ಇಂಥ ಕ್ಯಾಲೆಂಡರ್ ನಿಯಮಗಳನ್ನು ಬರೆಯುವ ಮಾನದಂಡವಾದ RFC 5545 ಪ್ರಕಾರ ಏನೂ ಹೇಳದಿದ್ದರೆ ಸೋಮವಾರ ಅಂತಲೇ ಅರ್ಥ. ಆದರೂ ಎಣಿಕೆ ಇದರ ಮೇಲೆ ನಿಂತಿರುವಾಗ ಬರೆದೇ ಇಡುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ಎಲ್ಲ ಕ್ಲಾಸಿಗೂ ಈ ತೊಂದರೆ ಇಲ್ಲ. ಪ್ರತಿ ವಾರದ ಕ್ಲಾಸಿಗೆ ವಾರ ಎಂದು ಶುರುವಾದರೂ ತಾರೀಖು ಬದಲಾಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬರೀ ಮಂಗಳವಾರ ಇದ್ದರೂ ಬದಲಾಗುವುದಿಲ್ಲ. ವಾರ ಬಿಟ್ಟು ವಾರ ಇದ್ದು, ಅದರಲ್ಲಿ ಒಂದಕ್ಕಿಂತ ಜಾಸ್ತಿ ದಿನಗಳಿದ್ದಾಗ ಮಾತ್ರ ಹೀಗೆ ಕೈಕೊಡುತ್ತದೆ.

ಇನ್ನು ನೋಟದ ಕಡೆ. ಜರ್ಮನಿಯಲ್ಲಿರುವ ಒಂದು ಕನ್ನಡ ಕುಟುಂಬದ ಮಗು ಆನ್‌ಲೈನಿನಲ್ಲಿ ಕಲಿಯುತ್ತದೆ. ಅಲ್ಲಿ ಸೋಮವಾರವೇ ಮೊದಲು. ಅವರಿಗಾಗಿ ಸೋಮವಾರದ ನೋಟವನ್ನೂ ಸೇರಿಸಿದೆ. ಜಾವಾಸ್ಕ್ರಿಪ್ಟಿನಲ್ಲಿ `getDay()` ಭಾನುವಾರಕ್ಕೆ 0, ಸೋಮವಾರಕ್ಕೆ 1 ಕೊಡುತ್ತದೆ. ಒಂದು ಕಳೆದರೆ ಆಯ್ತಲ್ಲ ಅಂತ ಅಷ್ಟೇ ಮಾಡಿದೆ. ಆರು ದಿನ ಸರಿಯಾಗಿತ್ತು. ಜುಲೈ 21ರ ಭಾನುವಾರ ಆ್ಯಪ್ ತೆರೆದರೆ ಜುಲೈ 22ರಿಂದ ಶುರುವಾಗುವ ವಾರ ಬಂತು. ಅಂದಿನ ಕ್ಲಾಸೇ ಮಾಯ! 0ರಲ್ಲಿ 1 ಕಳೆದರೆ ಮೈನಸ್ 1, ಅದನ್ನು 21ರಿಂದ ಕಳೆದರೆ 22. ಸರಿಯಾದ ಲೆಕ್ಕ ಇದು:

```
const diff = (d.getDay() - weekStart + 7) % 7;
start.setDate(d.getDate() - diff);
```

`d` ಅನ್ನೋದು ಆ್ಯಪ್ ತೆರೆದ ದಿನ, `start` ಅದರ ನಕಲು, `weekStart` ವಾರ ಶುರುವಾಗುವ ದಿನದ ಸಂಖ್ಯೆ, ಇಲ್ಲಿ ಸೋಮವಾರದ 1. 7 ಕೂಡಿಸಿದ್ದರಿಂದ `diff` 6 ಆಗುತ್ತದೆ, 21ರಿಂದ 6 ಹಿಂದೆ ಹೋದರೆ ಸೋಮವಾರ 15. ಈಗ ಯಾವ ಬದಲಾವಣೆ ಮಾಡಿದರೂ ಒಂದು ಶನಿವಾರ, ಒಂದು ಭಾನುವಾರ, ಒಂದು ಸೋಮವಾರದ ತಾರೀಖು ಕೊಟ್ಟು ಪರೀಕ್ಷೆ ಮಾಡುತ್ತೇನೆ. ವಾರದ ನಡುವಿನ ದಿನಗಳಲ್ಲಿ ಈ ತಪ್ಪು ಸಿಗುವುದೇ ಇಲ್ಲ.

ಯಾರಿಗೆ ಯಾವ ನೋಟ ಅಂತ ಬ್ರೌಸರನ್ನೇ ಕೇಳಬಹುದು. `getWeekInfo()` ಇರುವ ಕಡೆ `kn-IN`ಗೆ `firstDay` 7 ಅಂತ ಬರುತ್ತದೆ. ಇಲ್ಲಿ ಭಾನುವಾರ 7, `getDay()`ಯಲ್ಲಿ 0. ಎರಡನ್ನೂ ಬೆರೆಸುವಾಗ ಹುಷಾರಾಗಿರಬೇಕು. ಮೈಸೂರಿನಲ್ಲೇ ಇದ್ದರೂ ಫೋನಿನ ಭಾಷೆ ಬ್ರಿಟನ್ನಿನ ಇಂಗ್ಲಿಷ್ ಆಗಿದ್ದರೆ ಸೋಮವಾರ ಬರುತ್ತದೆ. ಹಾಗಾಗಿ ಅದನ್ನು ಮೊದಲ ಊಹೆ ಅಂತ ಮಾತ್ರ ಇಟ್ಟುಕೊಂಡು, ಬದಲಿಸುವ ಬಟನ್ ಕೊಟ್ಟೆ.

ಬಟನ್ ಕೊಟ್ಟ ಮೇಲೆ ಮೈಸೂರಿನ ಕೆಲವು ಅಮ್ಮಂದಿರೂ ಸೋಮವಾರಕ್ಕೇ ಬದಲಿಸಿಕೊಂಡರು. ಕಾರಣ ಕೇಳಿದಾಗ ಒಬ್ಬರು ಫೋನ್ ತೆರೆದು ತೋರಿಸಿದರು. ಶನಿವಾರ ರಾತ್ರಿ ನಾಳೆ ಕ್ಲಾಸ್ ಎಷ್ಟು ಗಂಟೆಗೆ ಅಂತ ನೋಡಬೇಕು. ಭಾನುವಾರ ಮೊದಲಿರುವ ನೋಟದಲ್ಲಿ ಶನಿವಾರ ಕೊನೆಯ ಕಂಬ. ನಾಳೆ ಅನ್ನೋದು ಆ ಪುಟದಲ್ಲಿ ಇಲ್ಲವೇ ಇಲ್ಲ, ಮುಂದಿನ ಪುಟಕ್ಕೆ ಸರಿಸಬೇಕು. ಎಡತುದಿಯಲ್ಲಿ ಕಾಣುವ ಭಾನುವಾರ ಕಳೆದುಹೋಗಿದ್ದು, ಅದನ್ನೇ ನಾಳೆಯದು ಅಂತ ಓದಿಕೊಂಡವರೂ ಇದ್ದರು. ಸೋಮವಾರ ಮೊದಲಿದ್ದರೆ ಶನಿವಾರ, ಭಾನುವಾರ ಅಕ್ಕಪಕ್ಕ ಕೂರುತ್ತವೆ.

"ಈ ವಾರ", "ಮುಂದಿನ ವಾರ" ಅನ್ನೋ ಪದಗಳನ್ನೂ ತೆಗೆದುಹಾಕಿದೆ. ಶನಿವಾರ ಕೂತು ಓದುವಾಗ ನಾಳೆಯ ಭಾನುವಾರ ಒಬ್ಬರಿಗೆ ಈ ವಾರ, ಇನ್ನೊಬ್ಬರಿಗೆ ಮುಂದಿನ ವಾರ. ಅದರ ಬದಲು "ನಾಳೆ, ಜುಲೈ 21" ಅಂತ ತೋರಿಸುತ್ತೇನೆ.

ನಿಯಮ ತಿದ್ದಿದ ದಿನವೇ ಎಲ್ಲರ ಫೋನಿನಲ್ಲೂ ಬದಲಾಗಲಿಲ್ಲ. ಸೇರಿಸಿಕೊಂಡ ಕ್ಯಾಲೆಂಡರನ್ನು ಒಂದೊಂದು ಫೋನ್ ಒಂದೊಂದು ಹೊತ್ತಿಗೆ ಹೊಸದು ಮಾಡಿಕೊಳ್ಳುತ್ತದೆ. ಅದಕ್ಕೇ ಅಪ್ಪ ಅಮ್ಮಂದಿರ ಗುಂಪಿಗೆ 16, 21, 30 ಅಂತ ತಾರೀಖುಗಳನ್ನೇ ಬರೆದು ಮೆಸೇಜ್ ಹಾಕಿದೆ. ಟೀಚರ್ ಕೂಡ ಗೋಡೆ ಕ್ಯಾಲೆಂಡರಿನಲ್ಲಿ 21ರ ಸುತ್ತ ಪೆನ್ನಿನಿಂದ ಒಂದು ಸುತ್ತು ಹಾಕಿಕೊಂಡರು.