ದುಡಿಗೆ ಹಗ್ಗವಿದೆ, ಆದರೂ ತಂತಿ ವಾದ್ಯ ಅಲ್ಲ

ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ನಾನು ಸಂಗೀತ ಹೇಳಿಕೊಡುತ್ತೇನೆ. ಒಂದು ಮಳೆಗಾಲ ವಾದ್ಯಗಳನ್ನೆಲ್ಲ ಮೇಜಿನ ಮೇಲಿಟ್ಟು, ತಂತಿ, ಗಾಳಿ, ತಾಳವಾದ್ಯ, ಇತರೆ ಅಂತ ನಾಲ್ಕು ಚೀಟಿ ಬರೆದು, ಜೋಡಿಸಿ ಅಂತ ಮಕ್ಕಳಿಗೆ ಬಿಟ್ಟೆ. ನಮ್ಮ ಕೊಡಗಿನ ಸಣ್ಣ ಚರ್ಮವಾದ್ಯ ದುಡಿ ಹೋಗಿ ತಂತಿಯ ಗುಂಪಿನಲ್ಲಿ ಕೂತಿತು. ಮೈತುಂಬ ಹಗ್ಗ ಇದೆ ಅಲ್ವಾ ಸರ್! ಹಾರ್ಮೋನಿಯಂ ತಾಳವಾದ್ಯವಾಯಿತು. ಬೆರಳಲ್ಲಿ ಒತ್ತಿ ಬಾರಿಸುತ್ತಾರಂತೆ.

ತಪ್ಪು ಅವರದ್ದಲ್ಲ. ಹೇಗೆ ಕಾಣುತ್ತದೆ, ಹೇಗೆ ನುಡಿಸುತ್ತಾರೆ ಅನ್ನುವುದನ್ನಷ್ಟೇ ನಾನು ತೋರಿಸಿದ್ದೆ. ಕೇಳಬೇಕಾದ ಪ್ರಶ್ನೆ ಬೇರೆ: ಸದ್ದು ಬರುವಾಗ ಮೊದಲು ಅಲುಗುವುದು ಯಾವುದು?

ಅಂದಿನಿಂದ ವಾದ್ಯದ ಒಂದೊಂದು ಭಾಗವನ್ನು ತಡೆದು, ಸದ್ದು ನಿಲ್ಲುತ್ತದಾ ಅಂತ ನೋಡುವುದನ್ನು ಶುರುಮಾಡಿದೆ. ದುಡಿ ಬಾರಿಸುವಾಗ ಹಗ್ಗವನ್ನು ಕೈಯಲ್ಲಿ ಬಿಗಿಯಾಗಿ ಹಿಡಿಸಿದೆ. ಸದ್ದು ನಿಲ್ಲಲಿಲ್ಲ, ಸ್ವರ ಮಾತ್ರ ಏರಿತು. ಚರ್ಮದ ಮೇಲೆ ಅಂಗೈ ಇಟ್ಟ ಕೂಡಲೇ ಸದ್ದು ಸತ್ತಿತು. ಅಂದರೆ ಹಗ್ಗದ ಕೆಲಸ ಚರ್ಮ ಬಿಗಿಯುವುದಷ್ಟೇ. ನಮ್ಮ ಮಳೆಗೆ ಆ ಚರ್ಮ ತೇವ ಹಿಡಿದು ಸಡಿಲವಾಗುತ್ತದೆ, ಒಲೆಯ ಹತ್ತಿರ ಕಾಯಿಸಿಕೊಂಡೇ ಬಾರಿಸಬೇಕು. ಕಂಚಿನ ತಾಳವನ್ನು ಬಡಿದು ಅಂಚು ಹಿಡಿದರೆ ಅದೂ ಸುಮ್ಮನಾಗುತ್ತದೆ. ಅದಕ್ಕೆ ಚರ್ಮವೇ ಇಲ್ಲ, ಲೋಹವೇ ಅಲುಗುವುದು. ಹಾಗಾಗಿ ನಮ್ಮ ಹಳಬರು ಚರ್ಮದ್ದನ್ನು ಅವನದ್ಧ, ತಾಳ, ಘಟದಂಥವನ್ನು ಘನ ಅಂತ ಬೇರೆಯಾಗಿಯೇ ಇಟ್ಟರು. ನಾಟ್ಯಶಾಸ್ತ್ರದಲ್ಲಿ ಇವೆರಡರ ಜೊತೆ ತಂತಿಯ ತತ, ಗಾಳಿಯ ಸುಷಿರ ಸೇರಿ ನಾಲ್ಕು ಗುಂಪು. ಒಂದೇ ಚೀಟಿಯಲ್ಲಿ ಎರಡನ್ನೂ ತುಂಬಿದ್ದು ನನ್ನ ಸೋಮಾರಿತನ.

ಕೊಂಬಿಗೆ ಇದೇ ಪರೀಕ್ಷೆ ಮಾಡಿದಾಗ ಮಜಾ. ಊದುವಾಗ ಮೈಯನ್ನು ಎಷ್ಟೇ ಗಟ್ಟಿಯಾಗಿ ಹಿಡಿದರೂ ಸದ್ದು ನಿಲ್ಲುವುದಿಲ್ಲ. ಮುಟ್ಟಿದರೆ ಲೋಹ ಸ್ವಲ್ಪ ಜುಮ್ಮೆನ್ನುತ್ತದೆ, ಅದಕ್ಕೆ ಮೋಸ ಹೋಗಬಾರದು. ಅಲುಗುವುದು ಊದುವವರ ತುಟಿ, ಮತ್ತೆ ಒಳಗಿನ ಗಾಳಿ.

ಹಾರ್ಮೋನಿಯಂ ಜಾಸ್ತಿ ಹೊತ್ತು ತೆಗೆದುಕೊಂಡಿತು. ಹೇಗೂ ಒಂದು ಸ್ವರ ಕೆಟ್ಟಿತ್ತು ಅಂತ ನನ್ನ ಹಳೇ ಪೆಟ್ಟಿಗೆ ಬಿಚ್ಚಿ, ಒಂದು ರೀಡ್ ತೆಗೆದೆ. ಹಿತ್ತಾಳೆಯ ಸಣ್ಣ ಪಟ್ಟಿ, ಅದರ ಮೇಲೆ ಇನ್ನೂ ತೆಳ್ಳನೆಯ ನಾಲಿಗೆ. ಉಗುರಿನಿಂದ ಮೀಟಿದರೆ ಟಿಂಗ್ ಅಂತ ಕ್ಷೀಣ ಸದ್ದು. ನಾಲಿಗೆ ಇರುವ ಕಡೆಯಿಂದ ಊದಿದರೆ ತರಗತಿಯೇ ತಿರುಗಿ ನೋಡುವಷ್ಟು ಜೋರು. ನಾಲಿಗೆ ಗಾಳಿಯನ್ನು ತಡೆದು ಬಿಟ್ಟು, ತಡೆದು ಬಿಟ್ಟು ಮಾಡುತ್ತದೆ, ಆ ಕಡಿಯುವಿಕೆಯೇ ಸದ್ದು. ಕೀ ಕೇವಲ ದಾರಿ ತೆರೆಯುತ್ತದೆ, ತಿದಿ ಗಾಳಿ ಕೊಡುತ್ತದೆ. ಹಾಗಾಗಿ ಅದು ಗಾಳಿ ವಾದ್ಯ. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಸ್ಯಾಕ್ಸ್ ಎಂಬ ಸಂಗೀತ ವಿದ್ವಾಂಸರು ಮಾಡಿದ ವಾದ್ಯಗಳ ವಿಂಗಡಣೆಯಲ್ಲೂ ಇಂಥ ರೀಡ್ ವಾದ್ಯಗಳು ಗಾಳಿಯ ಗುಂಪಿನಲ್ಲೇ ಇವೆ.

ಕೊನೆಗೆ ಉಳಿದದ್ದು ಎಲೆಕ್ಟ್ರಾನಿಕ್ ತಂಬೂರಿ. ಹೆಸರು ತಂಬೂರಿ, ಒಳಗೆ ತಂತಿಯೇ ಇಲ್ಲ. ಒಬ್ಬಳು ಹುಡುಗಿ ಅದರ ಮೈಯೆಲ್ಲ ಒತ್ತಿ ಹಿಡಿಯುತ್ತಿದ್ದಾಗಲೇ ಕರೆಂಟ್ ಹೋಯಿತು. "ನಿಂತಿತು ಸರ್! ಆದ್ರೆ ನಾನು ನಿಲ್ಲಿಸಿದ್ದಲ್ಲ" ಅಂದವಳೇ ಅದನ್ನು ಇತರೆ ಚೀಟಿಯ ಮುಂದೆ ಇಟ್ಟಳು.