ಮಳೆಗಾಲದಲ್ಲಿ ಹಳೆ ಸೇತುವೆಯ ಬಿರುಕು ಓದುವುದು: ನನ್ನ ಅನುಭವ

ಕಲ್ಲಿನ ಸೇತುವೆಯ ಬಿರುಕು ನೋಡೋಕೆ ಮಳೆಗಾಲವೇ ಒಳ್ಳೇದು ಅಂದರೆ ಹೊಸಬರು ನಂಬುವುದಿಲ್ಲ. ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ತಪಾಸಣೆ ಮಾಡುವುದು ರೂಢಿ, ಅದು ಇರಲೇಬೇಕು. ಆದರೆ ಜೋರು ಮಳೆ ನಿಂತು ಒಂದು ಗಂಟೆ ಆದ ಮೇಲೆ ಹೋಗಿ ನೋಡಿ. ಕಲ್ಲಿನ ಮೈ ಬೇಗ ಆರುತ್ತದೆ, ಬಿರುಕಿನೊಳಗೆ ಸೇರಿದ ನೀರು ಆರುವುದಿಲ್ಲ. ಬೇಸಿಗೆಯಲ್ಲಿ ಕಣ್ಣಿಗೇ ಬೀಳದ ಸಣ್ಣ ಬಿರುಕು ಆಗ ಕಪ್ಪು ಗೆರೆಯಾಗಿ ಕಾಣುತ್ತದೆ, ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು ಅಂತ ಬೆರಳಿಟ್ಟು ತೋರಿಸಬಹುದು.

ನಾನು ಸೇತುವೆ ತಪಾಸಣೆ ಕೆಲಸದಿಂದ ನಿವೃತ್ತನಾದ ಮೇಲೆ, ಹಳೆ ಪರಿಚಯದ ಎಂಜಿನಿಯರೊಬ್ಬರು ಫೋನ್ ಮಾಡಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಮಲೆನಾಡಿನ ಒಂದು ಹಳೆ ಸೇತುವೆ ತೋರಿಸಿ ಅಂದರು. ಮೂರು ಕಮಾನು, ನಡುವೆ ಎರಡು ಕಂಬ, ಸುಣ್ಣದ ಗಾರೆಯ ಕಲ್ಲಿನ ಕೆಲಸ. ಪುನರ್ವಸು ಮಳೆ ಆಗಷ್ಟೇ ಸ್ವಲ್ಪ ಬಿಡುವು ಕೊಟ್ಟಿತ್ತು. ಹುಡುಗಿ ಚುರುಕು. ಬಂದವಳೇ ಟಾರ್ಚ್ ಹಿಡಿದು ಕಮಾನಿನ ಕೆಳಗೆ ಇಳಿಯೋಕೆ ಹೊರಟಳು.

"ಮೊದಲು ಮೇಲೆ ನೋಡೋಣಮ್ಮ" ಅಂದೆ.

ಸೇತುವೆಯ ಒಂದು ತುದಿಯಲ್ಲಿ ಕೂತು, ತಡೆಗೋಡೆಯ ತಲೆಯ ಮೇಲೆ ಕಣ್ಣು ಹಾಯಿಸೋಕೆ ಹೇಳಿದೆ. ಡಾಂಬರನ್ನು ಮತ್ತೆ ಮತ್ತೆ ಹಾಕಿ ಮಟ್ಟ ಮಾಡಿರುತ್ತಾರೆ, ಹಾಗಾಗಿ ರಸ್ತೆ ಸತ್ಯ ಹೇಳುವುದಿಲ್ಲ. ತಡೆಗೋಡೆಯನ್ನು ಯಾರೂ ಮಟ್ಟ ಮಾಡಲ್ಲ, ಅಲ್ವಾ? ಕಟ್ಟಿದಾಗಿನ ಗೆರೆ ಅಲ್ಲೇ ಉಳಿದಿರುತ್ತದೆ. ಕೆಳಹೊಳೆಯ ಕಡೆಯ ಗೋಡೆ ನೇರ ಇತ್ತು. ಮೇಲ್ಹೊಳೆಯ ಕಡೆಯದು ಎರಡನೇ ಕಂಬದ ನೇರಕ್ಕೆ ಬಂದಾಗ ಸ್ವಲ್ಪ ತಗ್ಗಿತ್ತು. ದಾರ ಕಟ್ಟಿ ನೋಡಿದರೆ ಒಂದು ಬೆರಳಿನಷ್ಟು. ಇದನ್ನು ಪುಸ್ತಕದಲ್ಲಿ ಬರೆದುಕೊ, ಕಾರಣ ಈಗಲೇ ಬರೆಯಬೇಡ ಅಂದೆ. ಕಾರಣ ಮೊದಲೇ ಬರೆದರೆ ಕಣ್ಣು ಆಮೇಲೆ ಅದನ್ನೇ ಹುಡುಕುತ್ತದೆ.

ಕೆಳಗಿಳಿದಾಗ ಅವಳಿಗೆ ಮೊದಲು ಕಂಡಿದ್ದು ಮೊದಲ ಕಮಾನಿನ ಉದ್ದಕ್ಕೂ, ಅಂಚಿನಿಂದ ಸುಮಾರು ಎರಡು ಅಡಿ ಒಳಗೆ, ಅಂಚಿಗೆ ಸಮನಾಗಿ ಓಡಿದ್ದ ದೊಡ್ಡ ಬಿರುಕು. ಕಿರುಬೆರಳು ತೂರುವಷ್ಟು ಅಗಲ. "ಸರ್, ಇದಕ್ಕೇ ಸೇತುವೆ ಮುಚ್ಚಬೇಕಲ್ವಾ?" ಅಂತ ಕೇಳಿದಳು. ಅವಳ ಮುಖ ನೋಡಿ ನನಗೆ ಸಮಾಧಾನವಾಯಿತು, ಹೆದರದೇ ಇರುವವರು ಈ ಕೆಲಸಕ್ಕೆ ಬರಬಾರದು.

ಅಗಲವನ್ನು ಬಿಡು, ಅಂಚು ನೋಡು ಅಂದೆ. ಬಿರುಕಿನ ಅಂಚಿನ ಗಾರೆ ಸವೆದು ದುಂಡಗಾಗಿತ್ತು. ಒಳಗೆ ಪಾಚಿ, ಧೂಳು, ಜೇಡರ ಬಲೆ. ಸುಣ್ಣ ಕರಗಿ ಇಳಿದು ಗಟ್ಟಿಯಾದ ಬಿಳಿ ಪದರ ಒಂದೆರಡು ಕಡೆ ಬಿರುಕನ್ನು ದಾಟಿ ಆಚೆ ಕಲ್ಲಿಗೆ ಅಂಟಿಕೊಂಡಿತ್ತು, ಎಲ್ಲೂ ಸೀಳಿರಲಿಲ್ಲ. ಹಿಂದೆ ಯಾರೋ ಕಲ್ಲಿನ ಸಂದಿಗೆ ಸಿಮೆಂಟ್ ಗಾರೆ ಒತ್ತಿ ಮಾಡಿಸಿದ್ದ ಪಾಯಿಂಟಿಂಗ್ ಕೂಡ ಈ ಬಿರುಕಿನ ಮೇಲೆ ಹಾಗೇ ಕೂತಿತ್ತು. ಅಂದರೆ ಪಾಯಿಂಟಿಂಗ್ ಆದ ಮೇಲೆ ಇದು ಅಲುಗಾಡಿಲ್ಲ. ಇಂಥ ಬಿರುಕು ಬರುವುದು ಹೀಗೆ: ಕಮಾನಿನ ಮೇಲೆ ತುಂಬಿದ ಮಣ್ಣು ನೆನೆದು ಭಾರವಾಗಿ ಪಕ್ಕದ ಗೋಡೆಯನ್ನು ಹೊರಗೆ ತಳ್ಳುತ್ತದೆ, ಗೋಡೆ ತನ್ನ ಕೆಳಗಿನ ಕಲ್ಲುಸಾಲನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನೀರು ಹೋಗುವ ತೂತುಗಳು ಡಾಂಬರಿನಡಿ ಮುಚ್ಚಿಹೋದ ಸೇತುವೆಗಳಲ್ಲಿ ಇದು ಸಾಮಾನ್ಯ. ಇದನ್ನು ನಿರ್ಲಕ್ಷಿಸಿ ಅಂತಲ್ಲ. ಗೋಡೆಗೆ ತೂಗುಗುಂಡು ಬಿಟ್ಟು ಎಷ್ಟು ವಾಲಿದೆ ಅಂತ ಅಳೆದೆವು, ಮೇಲಿನ ತೂತು ಬಿಡಿಸಲು ಬರೆದೆವು. ಆದರೆ ಅವತ್ತೇ ಸೇತುವೆ ಮುಚ್ಚುವ ಕಾರಣ ಅದಲ್ಲ.

ಸೋರುವ ನೀರಿನ ಬಣ್ಣವನ್ನೂ ನೋಡಬೇಕು. ಅಂಗೈಯಲ್ಲಿ ಹಿಡಿದಾಗ ತಿಳಿಯಾಗಿದ್ದರೆ ಮಳೆನೀರು ದಾರಿ ಹುಡುಕಿಕೊಂಡು ಬರುತ್ತಿದೆ ಅಷ್ಟೇ. ಕೆಂಪಗೆ, ಕೈಗೆ ಮಣ್ಣು ಹತ್ತುವ ಹಾಗಿದ್ದರೆ ಒಳಗಿನ ತುಂಬುಮಣ್ಣು ತೊಳೆದು ಬರುತ್ತಿದೆ ಅಂತ ಅರ್ಥ, ಮೇಲೆ ಡಾಂಬರಿನಡಿ ಪೊಳ್ಳಾಗುತ್ತಿರಬಹುದು. ಇಲ್ಲಿ ತಿಳಿ ಇತ್ತು.

ಎರಡನೇ ಕಮಾನಿನ ಹತ್ತಿರ ಅವಳು ಏನೂ ಇಲ್ಲ ಅಂದು ಮುಂದೆ ಹೋದಳು. ವಾಪಸ್ ಕರೆದು, ಎರಡನೇ ಕಂಬದ ಮೇಲೆ ಕಮಾನು ಎದ್ದು ಹೊರಡುವ ಜಾಗಕ್ಕೆ, ಮೇಲ್ಹೊಳೆಯ ಮೂಲೆಗೆ ಟಾರ್ಚನ್ನು ಪಕ್ಕದಿಂದ ಬಿಡೋಕೆ ಹೇಳಿದೆ. ನೇರ ಬೆಳಕಿನಲ್ಲಿ ಕಾಣದ್ದು ಓರೆ ಬೆಳಕಿನಲ್ಲಿ ನೆರಳು ಬಿದ್ದು ಕಾಣುತ್ತದೆ. ಒಂದು ಮಿಲಿಮೀಟರೂ ಇಲ್ಲದ ಗೆರೆ. ಮೂಲೆಯಿಂದ ಶುರುವಾಗಿ, ಕಮಾನಿನ ನೆತ್ತಿಯ ನಡುಭಾಗದ ಕಡೆಗೆ ಓರೆಯಾಗಿ ಹತ್ತಿತ್ತು. ಗಾರೆಯ ಸಂದಿನಲ್ಲಿ ಮಾತ್ರ ಹೋಗದೆ ಎರಡು ಕಡೆ ಕಲ್ಲನ್ನೇ ಸೀಳಿತ್ತು. ಒಡೆದ ಕಲ್ಲಿನ ಮೈ ಒಳಗೆ ಸ್ವಚ್ಛ, ಅಂಚು ಚೂಪು, ಪಾಚಿ ಇಲ್ಲ. ಸಿಮೆಂಟ್ ಪಾಯಿಂಟಿಂಗ್ ಕೂಡ ಸೀಳಿತ್ತು.

"ಉಗುರಿನಿಂದ ಅಡ್ಡಡ್ಡ ಗೀರಿ ನೋಡು" ಅಂದೆ. ಉಗುರು ಒಂದು ಕಡೆ ತಡೆಯಿತು, ವಾಪಸ್ ಬರುವಾಗ ತಡೆಯಲಿಲ್ಲ. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗಿತ್ತು. ಬರೀ ಬಾಯಿ ಬಿಟ್ಟ ಬಿರುಕಿಗೂ, ಬಾಯಿ ಬಿಟ್ಟು ಜಾರಿದ ಬಿರುಕಿಗೂ ಬಹಳ ವ್ಯತ್ಯಾಸ. ಜಾರಿದ್ದರೆ ಏನೋ ಕುಸಿದಿದೆ. ಮೂಲೆಯಿಂದ ನಡುವಿಗೆ ಓರೆಯಾಗಿ ಹತ್ತುವ ಬಿರುಕು ಸಾಮಾನ್ಯವಾಗಿ ಕಂಬದ ಆ ಮೂಲೆ ಇಳಿಯುತ್ತಿದೆ ಅನ್ನುತ್ತದೆ.

ಸಾಮಾನ್ಯವಾಗಿ ಅನ್ನುವುದು ಸಾಕಾಗುವುದಿಲ್ಲ. ಹಾಗಾಗಿ ಅವಳನ್ನೇ ಕೇಳಿದೆ: ಕಂಬದ ಮೂಲೆ ನಿಜವಾಗಿ ಇಳಿದಿದ್ದರೆ ಇನ್ನೆಲ್ಲಿ ಗುರುತು ಇರಬೇಕು? ಸ್ವಲ್ಪ ಹೊತ್ತು ಯೋಚಿಸಿ, "ಆ ಕಂಬದ ಮೇಲೆ ಮೂರನೇ ಕಮಾನೂ ಕೂತಿದೆಯಲ್ಲ ಸರ್" ಅಂದಳು. ಹೌದು. ಒಂದು ಕಂಬ ಎರಡು ಕಮಾನು ಹೊತ್ತಿರುತ್ತದೆ, ಕಂಬ ಇಳಿದರೆ ಎರಡೂ ಕಮಾನು ಹೇಳಬೇಕು. ಒಂದೇ ಹೇಳಿದರೆ ತೊಂದರೆ ಆ ಕಮಾನಿನದೇ ಇರಬಹುದು. ಆಚೆ ಹೋಗಿ ಟಾರ್ಚ್ ಓರೆಗೆ ಹಿಡಿದರೆ, ಅದೇ ಮೂಲೆಯಿಂದ ಎದುರು ದಿಕ್ಕಿಗೆ ಅದೇ ತರಹದ ಗೆರೆ, ಇನ್ನೂ ಸಣ್ಣದು. ಮೇಲೆ ತಡೆಗೋಡೆ ತಗ್ಗಿದ್ದೂ ಸರಿಯಾಗಿ ಇದರ ನೇರಕ್ಕೆ. ಮೂರು ಗುರುತು ಒಂದೇ ಮಾತು ಹೇಳಿದವು. ಆಗ ಕಾರಣದ ಕಾಲಂನಲ್ಲಿ ಬರೆಯಲು ಹೇಳಿದೆ.

ಇನ್ನು ಇದು ನಿಂತಿದೆಯೋ ಈಗಲೂ ನಡೀತಾ ಇದೆಯೋ ಅಂತ ಗೊತ್ತಾಗಬೇಕು. ಬಿರುಕಿಗೆ ಅಡ್ಡ ಗಾಜಿನ ಪಟ್ಟಿ ಅಂಟಿಸುವುದು ಹಳೆ ಪದ್ಧತಿ, ಬಿರುಕು ಅಲುಗಾಡಿದರೆ ಗಾಜು ಒಡೆಯುತ್ತದೆ. ಮಳೆಗಾಲದಲ್ಲಿ ಒದ್ದೆ ಕಲ್ಲಿಗೆ ಅಂಟು ಹಿಡಿಯದೆ ಗಾಜು ಸುಮ್ನೆ ಬಿಟ್ಟುಕೊಳ್ಳುತ್ತದೆ, ಒಡೆಯದ ಗಾಜು ನೋಡಿ ನಾವು ನೆಮ್ಮದಿಯಾಗಿರುತ್ತೇವೆ. ಗಾಜಿನ ಬದಲು ಹಚ್ಚುವ ಜಿಪ್ಸಂ ಬಿಲ್ಲೆಯೂ ನೀರಿಗೆ ಮೆತ್ತಗಾಗುತ್ತದೆ. ನಾನು ಹಿತ್ತಾಳೆ ಸ್ಕ್ರೂ ಬಳಸುತ್ತೇನೆ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು, ತ್ರಿಕೋನದ ಹಾಗೆ. ಎರಡೇ ಇದ್ದರೆ ಅಗಲವಾಗಿದ್ದು ಮಾತ್ರ ತಿಳಿಯುತ್ತದೆ, ಮೂರಿದ್ದರೆ ಬಿರುಕಿನ ಉದ್ದಕ್ಕೆ ಜಾರಿದ್ದೂ ಲೆಕ್ಕಕ್ಕೆ ಸಿಗುತ್ತದೆ. ವರ್ನಿಯರ್‌ನಲ್ಲಿ ಪ್ರತಿ ಸಲ ಒಬ್ಬರೇ, ದಿನದ ಒಂದೇ ಹೊತ್ತಿಗೆ ಅಳೆಯಬೇಕು. ಬಿಸಿಲಿಗೆ ಕಲ್ಲು ಒಂದೆರಡು ಹತ್ತಾಂಶ ಮಿಲಿಮೀಟರ್ ಹಿಗ್ಗಿ ಕುಗ್ಗುವುದು ಇದ್ದದ್ದೇ, ಮೋಡ ಕವಿದ ದಿನಗಳಲ್ಲಿ ಆ ಗೊಂದಲ ಕಡಿಮೆ. ಬಿರುಕಿನ ಎರಡೂ ತುದಿಗೆ ಬಣ್ಣದಲ್ಲಿ ಗೆರೆ ಎಳೆದು ತಾರೀಕು ಬರೆದೆವು.

ಬಿರುಕಿನ ಆಚೀಚೆಯ ಸ್ಕ್ರೂಗಳ ನಡುವೆ ಮೊದಲ ಅಳತೆ 100.2 ಮಿಲಿಮೀಟರ್. ಪುಷ್ಯ ಮಳೆಗೆ ಹೊಳೆ ತುಂಬಿ ಇಳಿದ ಮೇಲೆ ಅವಳೇ ಅಳೆದು ಫೋನ್ ಮಾಡಿದಳು: 100.9. ಬಿರುಕಿನ ತುದಿ ಬಣ್ಣದ ಗೆರೆ ದಾಟಿತ್ತು. ಬಿಸಿಲೇ ಇರಲಿಲ್ಲ, ಹಿಗ್ಗಿದ್ದು ಅನ್ನೋ ಹಾಗಿಲ್ಲ.

ಅಷ್ಟು ಸಾಕು, ಇನ್ನೊಂದು ಅಳತೆಗೆ ಕಾಯಬೇಡ ಅಂದೆ. ಅವತ್ತೇ ಅವಳ ಮೇಲಿನವರಿಗೆ ಹೇಳಿ ಲಾರಿ, ಬಸ್ಸು ನಿಲ್ಲಿಸಿದರು. ಊರವರು ಕೂಗಾಡಿದರು, ಸುತ್ತು ದಾರಿ ದೂರ. ಅವರ ಕಷ್ಟ ನನಗೆ ಗೊತ್ತು. ಆದರೆ 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷರ ಕಾಲದ ಕಲ್ಲಿನ ಕಮಾನು ಸೇತುವೆ ನೆರೆಗೆ ಕೊಚ್ಚಿಹೋದಾಗ ಬಸ್ಸುಗಳೂ ಜನರ ಸಮೇತ ಹೋದವು. ಕಲ್ಲಿನ ಕಮಾನು ಭಾರಕ್ಕೆ ಚೆನ್ನಾಗಿಯೇ ತಾಳುತ್ತದೆ, ಕಾಲಡಿಯ ನೆಲ ಹೋದರೆ ತಾಳುವುದಿಲ್ಲ. ಬೀಳುವಾಗ ಬಹಳ ಹೊತ್ತು ಕೊಡುವುದೂ ಇಲ್ಲ.

ನೀರು ಮೊಣಕಾಲಿಗೆ ಇಳಿದ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡ ಇಬ್ಬರು ಕೆಲಸಗಾರರ ಜೊತೆ ಕಂಬದ ಬುಡ ನೋಡಿದೆವು. ನೆರೆ ಏರುತ್ತಿರುವಾಗ ಯಾರೂ ಕಮಾನಿನಡಿ ಇಳಿಯಬಾರದು, ಇದರಲ್ಲಿ ರಾಜಿ ಇಲ್ಲ. ಕಂಬದ ಮೂಗಿಗೆ, ಅಂದರೆ ನೀರಿಗೆ ಎದುರಾಗಿರುವ ಮೇಲ್ಹೊಳೆಯ ತುದಿಗೆ, ಬಿದಿರು ಮೆಳೆ, ಮರದ ಕೊಂಬೆ ಸಿಕ್ಕಿಕೊಂಡಿದ್ದವು. ಅಂಥ ಕಸ ಕಂಬವನ್ನು ಅಗಲ ಮಾಡಿದಂತೆ, ಅಡ್ಡ ಬಂದ ನೀರು ಕೆಳಕ್ಕೆ ಧುಮುಕಿ ಸುಳಿಯಾಗಿ ಬುಡದ ಮಣ್ಣು ತೋಡುತ್ತದೆ. ಮೇಲಿಂದ ನೋಡಿದರೆ ಬುಡದಲ್ಲಿ ಮರಳು ಚೆನ್ನಾಗಿಯೇ ಕೂತಿತ್ತು. "ಗುಂಡಿ ಇಲ್ಲವಲ್ಲ ಸರ್" ಅಂದಳು.

ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. ನೆರೆ ಜೋರಿದ್ದಾಗ ಗುಂಡಿ ಬೀಳುತ್ತದೆ, ನೆರೆ ಇಳಿಯುವಾಗ ಅದೇ ನೀರು ಮರಳು ತಂದು ಗುಂಡಿ ತುಂಬುತ್ತದೆ. ತುಂಬಿದ ಮರಳು ಏನನ್ನೂ ಹೊರುವುದಿಲ್ಲ. ಅಡಿಅಡಿಗೆ ಗುರುತು ಹಾಕಿದ ಕಬ್ಬಿಣದ ಸರಳು ಕೊಟ್ಟೆ. ಕೆಳಹೊಳೆಯ ಕಡೆ ಒಂದಡಿ ಹೋಗಿ ಠಣ್ ಅಂತ ನಿಂತಿತು. ಮೂಗಿನ ಕಡೆ ರಾಗಿ ಮೂಟೆಗೆ ಕೋಲು ಚುಚ್ಚಿದ ಹಾಗೆ ಐದಡಿ ಇಳಿಯಿತು. ಹಳೆ ನಕ್ಷೆಯಲ್ಲಿ ಆ ಕಂಬದ ಪಾಯ ನಾಲ್ಕಡಿ ಆಳದ್ದು. ಅಂದರೆ ಮೂಗಿನ ಭಾಗದಲ್ಲಿ ಪಾಯದ ಕೆಳಗೂ ಸಡಿಲ ಮರಳೇ. ಅವಳು ಸುತ್ತಲೂ ಅಡಿಗೊಂದು ಕಡೆ ಚುಚ್ಚಿ ಗುಂಡಿಯ ಆಕಾರವನ್ನೇ ಪುಸ್ತಕದಲ್ಲಿ ಬರೆದಳು, ನಾನು ಹೇಳಿರಲಿಲ್ಲ.

ಬಿರುಕಿಗೆ ಈಗಲೇ ಗ್ರೌಟ್, ಅಂದರೆ ತೆಳು ಗಾರೆ, ತುಂಬಬಾರದೇ ಅಂತ ಕೇಳಿದಳು. ತುಂಬಿದರೆ ಬಿರುಕು ಮುಚ್ಚುತ್ತದೆ, ಕಂಬ ಇಳಿಯುವುದು ನಿಲ್ಲುವುದಿಲ್ಲ, ಪಕ್ಕದಲ್ಲಿ ಹೊಸ ಬಿರುಕು ಬರುತ್ತದೆ, ಅಳೆಯೋಕೆ ಇದ್ದ ಒಂದೇ ಗುರುತೂ ಹೋಗುತ್ತದೆ. ಮೊದಲು ಕಸ ತೆಗೆಸಿ ಮೂಗಿನ ಸುತ್ತ ತಂತಿಬಲೆಯ ಬುಟ್ಟಿಗಳಲ್ಲಿ ದೊಡ್ಡ ಕಲ್ಲು ತುಂಬಿ ಇಳಿಸಿದರು, ಅದು ಮಳೆಗಾಲ ದಾಟಿಸುವ ತಾತ್ಕಾಲಿಕ ಕೆಲಸ ಮಾತ್ರ. ಹೊಳೆ ಬತ್ತಿದ ಮೇಲೆ ನೀರು ತಿರುಗಿಸಿ, ಸಡಿಲ ಮರಳು ತೆಗೆದು, ಪಾಯದ ಕೆಳಗೆ ಸ್ವಲ್ಪ ಸ್ವಲ್ಪ ಭಾಗವಾಗಿ ಕಾಂಕ್ರೀಟ್ ತುಂಬಿದರು. ಒಂದೇ ಸಲ ಪೂರ್ತಿ ಅಗೆದರೆ ಕಂಬವೇ ಕೂತುಬಿಡುತ್ತದೆ.

ಆಮೇಲೂ ಅಳತೆ ನಿಲ್ಲಿಸಬೇಡ ಅಂತ ಹೇಳಿದ್ದೆ. ಬೇಸಿಗೆಯವರೆಗೆ ಅವಳು ಕಳಿಸಿದ ಅಳತೆಗಳು ಒಂದೆರಡು ಹತ್ತಾಂಶದೊಳಗೇ ಆಡುತ್ತಿದ್ದವು, ಒಂದೇ ದಿಕ್ಕಿಗೆ ಹೋಗಲಿಲ್ಲ. ಆಗ ಎರಡೂ ಕಮಾನಿನ ಬಿರುಕಿಗೆ ಸುಣ್ಣದ ಗಾರೆ ತುಂಬಿಸಿದರು. ಸ್ಕ್ರೂಗಳನ್ನು ತೆಗೆಯಲು ನಾನು ಬಿಡಲಿಲ್ಲ. ಮುಂದಿನ ಮಳೆಗಾಲದಲ್ಲೂ ಅವೇ ಸ್ಕ್ರೂಗಳ ಮೇಲೆ ಅವಳೇ ಅಳೆಯುತ್ತಾಳೆ.