ಇಂಟರ್‌ವ್ಯೂ ಆಯ್ತು, ಉತ್ತರ ಬಂದಿಲ್ಲ: ಮೇಲ್ ಬರೆಯೋದು ಹೇಗೆ?

‘ಒಂದು ವಾರದಲ್ಲಿ ತಿಳಿಸ್ತೀವಿ’ ಅಂದಿದ್ದರು. ವಾರ ಕಳೆದರೂ ಸುದ್ದಿಯಿಲ್ಲ. ಆಗ ‘ನಾನು ಆಯ್ಕೆಯಾದೆನಾ?’ ಎಂದು ಕೇಳುವ ಬದಲು ‘ಯಾವಾಗ ತಿಳಿಯಬಹುದು?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಎಚ್‌ಆರ್ ಬಳಿ ಎಷ್ಟೋ ಸಲ ಉತ್ತರವೇ ಇರುವುದಿಲ್ಲ. ಇನ್ನಿಬ್ಬರ ಇಂಟರ್‌ವ್ಯೂ ಬಾಕಿ ಇರಬಹುದು, ಒಪ್ಪಿಗೆ ಕೊಡಬೇಕಾದ ಮ್ಯಾನೇಜರ್ ರಜೆಯಲ್ಲಿರಬಹುದು. ಎರಡನೆಯದಕ್ಕಾದರೆ ಒಂದು ಸಾಲು ಬರೆದು ಕಳಿಸುವುದು ಅವರಿಗೂ ಸುಲಭ.

ಮೊದಲು ದಿನ ಲೆಕ್ಕ ಹಾಕಿ. 4ನೇ ತಾರೀಕು ಮಂಗಳವಾರ ಇಂಟರ್‌ವ್ಯೂ ಆಗಿದ್ದರೆ, ವಾರ ಮುಗಿಯುವುದು 11ಕ್ಕೆ. ಇನ್ನೆರಡು ಕೆಲಸದ ದಿನ ಬಿಟ್ಟು 13ರ ಗುರುವಾರ ಬೆಳಿಗ್ಗೆ ಕಳಿಸಿ. ಅವರು ಗಡುವೇ ಹೇಳಿರದಿದ್ದರೆ ಐದರಿಂದ ಏಳು ಕೆಲಸದ ದಿನ ಕಾಯಿರಿ.

ಹೊಸ ಮೇಲ್ ಶುರು ಮಾಡಬೇಡಿ. ಇಂಟರ್‌ವ್ಯೂಗೆ ಕರೆದ ಮೇಲ್‌ಗೇ ರಿಪ್ಲೈ ಒತ್ತಿ. ನೀವು ಯಾರು, ಯಾವ ಹುದ್ದೆ ಎಂಬುದೆಲ್ಲ ಕೆಳಗೇ ಕಾಣುತ್ತದೆ, ಅವರು ಹುಡುಕಬೇಕಿಲ್ಲ. ಪ್ರಶ್ನೆ ಕೇಳಿದ ಮ್ಯಾನೇಜರ್‌ರನ್ನು ಸಿಸಿಯಲ್ಲಿ ಸೇರಿಸಬೇಡಿ. ಅದು ದೂರು ಕೊಟ್ಟಂತೆ ಕಾಣುತ್ತದೆ.

ಮೇಲ್ ಹೀಗಿರಲಿ:

“ನಮಸ್ಕಾರ ಮೇಡಂ,
4ನೇ ತಾರೀಕು ಜೂನಿಯರ್ ಅಕೌಂಟೆಂಟ್ ಹುದ್ದೆಯ ಇಂಟರ್‌ವ್ಯೂಗೆ ಬಂದಿದ್ದೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ಕೆಲಸದ ಬಗ್ಗೆ ನೀವು ವಿವರಿಸಿದ ಮೇಲೆ ಆಸಕ್ತಿ ಇನ್ನೂ ಹೆಚ್ಚಿದೆ. ಮುಂದಿನ ಹಂತದ ಬಗ್ಗೆ ಸುಮಾರು ಯಾವಾಗ ತಿಳಿಯಬಹುದು? ನನ್ನಿಂದ ಯಾವುದಾದರೂ ದಾಖಲೆ ಬೇಕಿದ್ದರೆ ಕಳಿಸುತ್ತೇನೆ. ಧನ್ಯವಾದಗಳು.”

ಕೆಳಗೆ ಹೆಸರು, ಫೋನ್ ನಂಬರ್. ಅಷ್ಟೇ ಸಾಕು. ಇದರಲ್ಲಿ ಪ್ರಶ್ನೆ ಇರುವುದು ಒಂದೇ. ‘ಸುಮಾರು’ ಎಂಬ ಮಾತನ್ನು ತೆಗೆಯಬೇಡಿ. ಖಚಿತ ದಿನ ಕೇಳಿದರೆ ಅವರು ಮಾತು ಕೊಟ್ಟಂತಾಗುತ್ತದೆ, ಆ ಹಿಂಜರಿಕೆಯಲ್ಲೇ ಉತ್ತರ ತಡವಾಗುತ್ತದೆ. ಲೆಕ್ಕದ ಕೆಲಸದ ಸಾಲು ಬರೀ ಅಲಂಕಾರವಲ್ಲ, ಅದನ್ನು ಓದಿದಾಗ ಅವರಿಗೆ ನಿಮ್ಮ ಮುಖ ನೆನಪಾಗಬಹುದು.

ಒತ್ತಡ ನುಸುಳುವುದು ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿ. ‘ನಿಮ್ಮ ಸಕಾರಾತ್ಮಕ ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಅಂದರೆ ‘ಹೌದು ಅನ್ನಿ’ ಅಂತಲೇ ಅಲ್ವಾ? ‘ಈ ಕೆಲಸ ನನಗೆ ತುಂಬಾ ಅಗತ್ಯ’ ಎಂಬುದನ್ನೂ ಬಿಡಿ. ಓದಿದರೋ ಇಲ್ಲವೋ ಎಂದು ತಿಳಿಸುವ ರೀಡ್ ರಿಸೀಟ್, ಅರ್ಜೆಂಟ್ ಗುರುತು ಎರಡೂ ಬೇಡ.

ಬೇರೆ ಕಡೆಯಿಂದ ನಿಜವಾಗಿಯೂ ಆಫರ್ ಬಂದಿದ್ದರೆ ಮಾತ್ರ ಮುಚ್ಚಿಡಬೇಡಿ. ‘ನನಗೆ ಇನ್ನೊಂದು ಆಫರ್ ಇದೆ, 20ರೊಳಗೆ ಉತ್ತರಿಸಬೇಕಿದೆ. ನಿಮ್ಮ ಕೆಲಸದಲ್ಲಿ ಆಸಕ್ತಿ ಇರುವುದರಿಂದ ತಿಳಿಸುತ್ತಿದ್ದೇನೆ’ ಎಂದರೆ ಸಾಕು. ಇಲ್ಲದ ಆಫರ್ ಕಟ್ಟಬೇಡಿ. ‘ಹಾಗಾದರೆ ಅದನ್ನೇ ಒಪ್ಪಿಕೊಳ್ಳಿ’ ಅಂದುಬಿಟ್ಟರೆ ಮುಗಿಯಿತು.

ಉತ್ತರದಲ್ಲಿ ಹೊಸ ದಿನ ಕೊಟ್ಟರೆ ಆ ದಿನ ದಾಟುವವರೆಗೆ ಸುಮ್ನಿರಿ. ಏನೂ ಬರದಿದ್ದರೆ ಒಂದು ವಾರದ ನಂತರ ಅದೇ ಮೇಲ್ ಸರಣಿಯಲ್ಲಿ ಎರಡು ಸಾಲಿನ ಇನ್ನೊಂದು ಮೇಲ್ ಹಾಕಿ. ಮೂರನೆಯದು ಬೇಡ. ಈ ನಡುವೆ ಬೇರೆ ಕಡೆ ಅರ್ಜಿ ಹಾಕುವುದನ್ನು ನಿಲ್ಲಿಸಬೇಡಿ.